ಗೋರಿಯ ಪಕ್ಕದ ಕಿಟಕಿ

ಎರಡು ಟ್ಯಾರೋ ಎಲೆ ಮಗುಚಿಟ್ಟ ಮೇಲೆ ಅವರು ತುಂಬ ಹೊತ್ತು ಮಾತಾಡಲಿಲ್ಲ. ಎಡಗಡೆ ಟೂ ಆಫ್ ಕಪ್ಸ್. ಒಬ್ಬ ತರುಣ, ಒಬ್ಬಳು ತರುಣಿ, ಎದುರುಬದುರು ನಿಂತು ಬಟ್ಟಲು ಹಿಡಿದಿದ್ದಾರೆ. ಬಲಗಡೆ ಫೋರ್ ಆಫ್ ಸ್ವೋರ್ಡ್ಸ್. ಗೋರಿಯ ಮೇಲೆ ಕೈಮುಗಿದು ಅಂಗಾತ ಮಲಗಿದ ಯೋಧ, ಗೋಡೆಯ ಮೇಲೆ ಮೂರು ಕತ್ತಿ, ಕೆಳಗೆ ಅಡ್ಡಲಾಗಿ ಇನ್ನೊಂದು. "ಮೊದಲು ಮದುವೆ, ಆಮೇಲೆ ಗೋರಿ. ನನ್ನ ಕಥೆ ಇಷ್ಟೇ ಅಂತ ನಿನ್ನ ಎಲೆಗೂ ಗೊತ್ತಾಗಿಬಿಡ್ತಲ್ಲಮ್ಮ" ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು.

ಅವರಿಗೆ ಅರವತ್ತಮೂರು. ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ಮನೆ. ಮಕ್ಕಳಿಗೆ ಸಂಗೀತ ಪಾಠ ಹೇಳುತ್ತಾರೆ. ಗಂಡ ಹೋಗಿ ಐದು ವರ್ಷ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ನಡೆಯುವಾಗ ಪರಿಚಯವಾದವರೊಬ್ಬರಿದ್ದಾರೆ, ಅವರ ಹೆಂಡತಿಯೂ ಈಗಿಲ್ಲ. ಒಂದು ವರ್ಷದಿಂದ ನಡಿಗೆ ಮುಗಿದ ಮೇಲೆ ಇಬ್ಬರೂ ಕೂತು ಕಾಫಿ ಕುಡಿಯುವುದು ರೂಢಿಯಾಗಿದೆ. ಇಷ್ಟನ್ನು ಹೇಳಲು ಅವರಿಗೆ ಕಾಲು ಗಂಟೆ ಬೇಕಾಯಿತು. ಆಮೇಲೆ ಕೇಳಿದರು: "ಈ ವಯಸ್ಸಿನಲ್ಲಿ ನನಗೆ ಜೊತೆ ಅಂತ ಒಂದು ಇದೆಯಾ?"

ಈ ಪ್ರಶ್ನೆಯನ್ನು ಹಾಗೆಯೇ ಎಲೆಗಳ ಮುಂದಿಡಬಾರದು. "ಇದೆಯಾ, ಇಲ್ಲವಾ" ಎಂದು ಕೇಳಿದರೆ ಎಲೆ ನೋಡುವವರು ಹೌದೆಂದೋ ಇಲ್ಲವೆಂದೋ ಹೇಳಲೇಬೇಕಾಗುತ್ತದೆ. ಆ ಉತ್ತರ ಯಾರ ಬಳಿಯೂ ಇಲ್ಲ. ಆ ಹಿರಿಯರ ಮನಸ್ಸಿನಲ್ಲಿ ಏನಿದೆ ಎಂದೂ ನೋಡಬಾರದು, ಏಕೆಂದರೆ ಅವರು ಎದುರಿಗಿಲ್ಲ, ಒಪ್ಪಿಗೆ ಕೊಟ್ಟಿಲ್ಲ. ಅದಕ್ಕೇ ಕಟ್ಟು ಕಲೆಸುವ ಮೊದಲೇ ಎರಡು ಜಾಗಕ್ಕೆ ಹೆಸರಿಟ್ಟೆವು. ಮೊದಲನೆಯದು, ನಾನು ಕೇಳುತ್ತಿರುವ ಜೊತೆ ಎಂಥದು. ಎರಡನೆಯದು, ನಾನು ಈಗ ಎಲ್ಲಿದ್ದೇನೆ. ಒಂದು ಕಾಗದದ ಮೇಲೆ ಇದನ್ನು ಬರೆದೂ ಇಟ್ಟೆ. ಬರೆದಿಡದಿದ್ದರೆ ಎಲೆ ಬಿದ್ದ ಮೇಲೆ ಜಾಗದ ಅರ್ಥವನ್ನು ನಮಗೆ ಬೇಕಾದ ಹಾಗೆ ತಿರುಗಿಸಿಕೊಳ್ಳುತ್ತೇವೆ. ಅವರು ಮಾಡಿದ್ದು ಅದನ್ನೇ. ಎರಡು ಜಾಗವನ್ನೂ ಮರೆತು, ಎಡದಿಂದ ಬಲಕ್ಕೆ ಕಥೆಯ ಹಾಗೆ ಓದಿಬಿಟ್ಟರು. ಹಾಗೆ ಓದಿದರೆ ಅದು ಮುಗಿದ ಕಥೆ. ನಾನು ಕಾಗದವನ್ನು ಅವರ ಕಡೆ ಸರಿಸಿದೆ.

ಮೊದಲ ಎಲೆಯನ್ನು ಕೈಗೆತ್ತಿಕೊಂಡರು. "ಇದು ನಮ್ಮ ಬೈಟು ಕಾಫಿ ಅಲ್ವೇನಮ್ಮ?" ಎಂದರು. ನನಗೂ ನಗು ಬಂತು. ಆದರೆ ಸರಿಯಾಗಿ ನೋಡಿದರೆ ಅದು ಬೈಟು ಅಲ್ಲ. ಬೈಟು ಎಂದರೆ ಒಂದೇ ಕಾಫಿಯನ್ನು ಎರಡು ಲೋಟಕ್ಕೆ ಹಂಚುವುದು, ಇಬ್ಬರಿಗೂ ಸಿಗುವುದು ಅರ್ಧ. ಚಿತ್ರದಲ್ಲಿ ಇಬ್ಬರದೂ ಬೇರೆ ಬೇರೆ ಬಟ್ಟಲು. ತರುಣ ಒಂದು ಹೆಜ್ಜೆ ಮುಂದಿಟ್ಟು ಕೈ ಚಾಚಿದ್ದಾನೆ, ಆದರೂ ತನ್ನ ಬಟ್ಟಲು ಬಿಟ್ಟಿಲ್ಲ. ಅವಳೂ ಕೊಟ್ಟಿಲ್ಲ. ಯಾರೂ ಯಾರದಕ್ಕೂ ಸುರಿಯುತ್ತಿಲ್ಲ. ಎರಡು ಬಟ್ಟಲ ನಡುವೆ ಹಾವುಗಳು ಸುತ್ತಿದ ದಂಡವೊಂದು ಮೇಲೇಳುತ್ತದೆ, ಅದರ ತುದಿಯಲ್ಲಿ ರೆಕ್ಕೆ, ರೆಕ್ಕೆಗಳ ನಡುವೆ ಸಿಂಹದ ತಲೆ. ದೂರದ ಗುಡ್ಡದ ಮೇಲೆ ಒಂದು ಮನೆ. ಆ ಮನೆಯೊಳಗೆ ಇವರಿಬ್ಬರೂ ಇಲ್ಲ, ಬಯಲಿನಲ್ಲಿ ನಿಂತಿದ್ದಾರೆ.

ಈ ಚಿತ್ರಗಳ ಹಿಂದಿದ್ದ ಆರ್ಥರ್ ಎಡ್ವರ್ಡ್ ವೇಟ್ ಈ ಎಲೆಗೆ ಕೊಟ್ಟ ಅರ್ಥಗಳಲ್ಲಿ ಪ್ರೇಮವೂ ಇದೆ, ಗೆಳೆತನವೂ ಇದೆ, ಸಹಾನುಭೂತಿಯೂ ಇದೆ. ಮದುವೆ ಒಂದೇ ಅಂತ ಎಲ್ಲೂ ಇಲ್ಲ. ಇಪ್ಪತ್ತೈದರ ಹುಡುಗಿಗೆ ಈ ಎಲೆ ಬಿದ್ದರೆ ಅವಳು ಗುಡ್ಡದ ಮೇಲಿನ ಮನೆಯನ್ನು ಮೊದಲು ನೋಡುತ್ತಾಳೆ. ಇವರು ನೋಡಿದ್ದು ಬಟ್ಟಲನ್ನು. "ಅವರ ಮನೆ ಅವರಿಗಿರಲಿ, ನನ್ನ ಮನೆ ನನಗಿರಲಿ. ಅಡುಗೆ ಮನೆಯಲ್ಲಿ ಇನ್ನೊಬ್ಬರ ಪಾತ್ರೆ ಸೇರಿಸೋ ವಯಸ್ಸಲ್ಲ ಇದು" ಎಂದರು. ತಾವು ಕೇಳುತ್ತಿರುವ ಜೊತೆ ಎಂಥದು ಎಂದು ಅವರೇ ಹೇಳಿಬಿಟ್ಟಿದ್ದರು. ಮೊದಲ ಜಾಗದ ಕೆಲಸ ಮುಗಿಯಿತು.

ಎರಡನೆಯ ಎಲೆಯ ಹತ್ತಿರ ಅವರ ಬೆರಳು ಹೋಗಲಿಲ್ಲ. ಗೋರಿ ಕಂಡರೆ ಯಾರಿಗಾದರೂ ಹಾಗಾಗುತ್ತದೆ, ಗಂಡನನ್ನು ಕಳೆದುಕೊಂಡವರಿಗೆ ಇನ್ನೂ ಹೆಚ್ಚು. ಎಲೆ ನೋಡುವವರು ತಪ್ಪು ಮಾಡುವುದೂ ಇಲ್ಲೇ. ಕೆಲವರು ಇದನ್ನು ಕಾಯಿಲೆ, ಸಾವು ಎಂದು ಹೆದರಿಸಿ ಶಾಂತಿ ಮಾಡಿಸಿ ಎನ್ನುತ್ತಾರೆ. ಇನ್ನು ಕೆಲವರು, ತೀರಿಕೊಂಡವರು ಒಪ್ಪಿಗೆ ಕೊಡುತ್ತಿದ್ದಾರೆ ಎನ್ನುತ್ತಾರೆ, ಅಥವಾ ಕೊಡುತ್ತಿಲ್ಲ ಎನ್ನುತ್ತಾರೆ. ಎರಡೂ ಎಲೆಯಲ್ಲಿಲ್ಲದ ಮಾತು. ವೇಟ್ ಗೋರಿ, ಶವಪೆಟ್ಟಿಗೆ ಎಂದು ಬರೆದದ್ದು ನಿಜ. ಆದರೆ ಅದಕ್ಕೂ ಮೊದಲು ಬರೆದದ್ದು ಎಚ್ಚರ, ಹಿಂದೆ ಸರಿಯುವುದು, ಏಕಾಂತ, ಸನ್ಯಾಸಿಯ ವಿಶ್ರಾಂತಿ. ಅಲ್ಲಿ ಮಲಗಿರುವುದು ಹೆಣವೂ ಅಲ್ಲ, ಗೋರಿಯ ಮೇಲೆ ಕೆತ್ತಿಟ್ಟ ಪ್ರತಿಮೆ. ಇಂಗ್ಲೆಂಡಿನ ಹಳೆಯ ಚರ್ಚುಗಳಲ್ಲಿ ಇಂಥ ಕಲ್ಲಿನ ಯೋಧರು ಶತಮಾನಗಳಿಂದ ಹೀಗೇ ಕೈಮುಗಿದು ಮಲಗಿದ್ದಾರೆ.

ನಾನು ಒಂದೇ ಪ್ರಶ್ನೆ ಕೇಳಿದೆ: "ಮಲಗಿರೋದು ಯಾರು ಅನ್ನಿಸುತ್ತೆ ಅಮ್ಮ?" ಯಜಮಾನರು ಎನ್ನುತ್ತಾರೆ ಎಂದುಕೊಂಡಿದ್ದೆ. ಕಾಗದದ ಮೇಲಿನ ಎರಡನೆಯ ಸಾಲನ್ನು ಮತ್ತೊಮ್ಮೆ ಓದಿಕೊಂಡು ಅವರು ಹೇಳಿದರು, "ನಾನೇ ಕಣಮ್ಮ. ಅವರು ಹೋದ ಮೇಲೆ ಮಧ್ಯಾಹ್ನ ಹೀಗೇ ಮಲಗ್ತಿದ್ದೆ. ನಿದ್ದೆ ಬರ್ತಿರಲಿಲ್ಲ. ಅಲ್ಲಾಡಿದರೆ ಏನೋ ಒಡೆದುಹೋಗುತ್ತೆ ಅನ್ನೋ ಹಾಗೆ." ಆ ಐದು ವರ್ಷವನ್ನು ಅವರು ಇದುವರೆಗೆ ಹಾಳಾದ ಕಾಲ ಎಂದೇ ಲೆಕ್ಕ ಹಾಕಿದ್ದರು. ಎಲೆ ಅದನ್ನು ವಿಶ್ರಾಂತಿ ಎನ್ನುತ್ತಿತ್ತು. ಕತ್ತಿಗಳು ಯಾವುವೂ ಕೈಯಲ್ಲಿಲ್ಲ. ಮೂರನ್ನು ಗೋಡೆಗೆ ತೂಗುಹಾಕಿದೆ, ಒಂದನ್ನು ಮಲಗಿಸಿದೆ.

ಆಮೇಲೆ ಅವರು ಕನ್ನಡಕ ಒರೆಸಿಕೊಂಡು ಎಲೆಯನ್ನು ಕಣ್ಣಿನ ಹತ್ತಿರ ತಂದರು. ಅದರ ಎಡ ಮೂಲೆಯಲ್ಲಿ ಅಂಚೆಚೀಟಿಯಷ್ಟು ಜಾಗದಲ್ಲಿ ಚರ್ಚಿನ ಬಣ್ಣದ ಗಾಜಿನ ಕಿಟಕಿಯಿದೆ. ಉಳಿದ ಚಿತ್ರವೆಲ್ಲ ಮಂಕು, ಬಣ್ಣವೆಲ್ಲ ಆ ಕಿಟಕಿಗೇ ಹೋಗಿದೆ. "ಇಲ್ಲೂ ಇಬ್ಬರಿದ್ದಾರಲ್ಲ!" ಎಂದರು. ಒಬ್ಬರು ಮೊಣಕಾಲೂರಿದ್ದಾರೆ, ಇನ್ನೊಬ್ಬರು ಅವರ ಮುಂದೆ ನಿಂತಿದ್ದಾರೆ. ಗಾಜಿನ ಮೇಲೆ ಪಾಕ್ಸ್ ಎಂಬ ಪುಟ್ಟ ಅಕ್ಷರಗಳು, ಲ್ಯಾಟಿನ್ನಿನಲ್ಲಿ ಶಾಂತಿ ಎಂದರ್ಥ.

ವರ್ಷಗಳಿಂದ ಈ ಕಟ್ಟು ನನ್ನ ಕೈಯಲ್ಲಿದೆ. ಕಿಟಕಿಯನ್ನು ಸಾವಿರ ಸಲ ನೋಡಿದ್ದೇನೆ. ಟೂ ಆಫ್ ಕಪ್ಸಿನ ಇಬ್ಬರಿಗೂ ಈ ಇಬ್ಬರಿಗೂ ನಂಟು ಕಟ್ಟಬಹುದೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಸುಳ್ಳು ಹೇಳಬಾರದೆಂದು, "ಅದು ಗಂಡು ಹೆಣ್ಣಿನ ಜೋಡಿ ಅಲ್ಲಮ್ಮ, ಒಬ್ಬ ಸಂತ, ಅವನ ಮುಂದೆ ಒಬ್ಬ ಭಕ್ತ" ಎಂದೆ. ಅವರು ಎಲೆಯಿಂದ ಕಣ್ಣು ತೆಗೆಯಲಿಲ್ಲ. "ಯಾರಾದರೂ ಆಗಲಿ. ಒಬ್ಬರು ಕೇಳ್ತಿದ್ದಾರೆ, ಇನ್ನೊಬ್ಬರು ಕೇಳಿಸ್ಕೊಳ್ತಿದ್ದಾರೆ. ನನಗೆ ಬೇಕಾಗಿರೋದೂ ಅಷ್ಟೇ."

ಆ ರಾತ್ರಿ ನಾನು ಒಂದು ಲೆಕ್ಕ ಮಾಡಿದೆ. ಎಪ್ಪತ್ತೆಂಟು ಎಲೆಗಳಿಂದ ಎರಡನ್ನು ಎತ್ತಿದರೆ 3003 ಬೇರೆ ಬೇರೆ ಜೋಡಿ ಬರಬಹುದು. ಅಷ್ಟರಲ್ಲಿ ಇದೇ ಜೋಡಿ ಅವರ ಮುಂದೆ ಬಿತ್ತಲ್ಲ ಎಂದು ಒಂದು ಕ್ಷಣ ಮೈ ಜುಮ್ಮೆಂದಿತು. ಮರುಕ್ಷಣವೇ ಹೊಳೆಯಿತು, ಬೇರೆ ಯಾವ ಜೋಡಿ ಬಿದ್ದಿದ್ದರೂ ಅದೂ 3003ರಲ್ಲಿ ಒಂದೇ ಆಗಿರುತ್ತಿತ್ತು. ಹಾಗಾಗಿ ಎಲೆ ಬಿದ್ದದ್ದರಲ್ಲಿ ವಿಶೇಷವಿಲ್ಲ. ಸುಮಾರು ನೂರಹದಿನೈದು ವರ್ಷ ಹಿಂದೆ ಇಂಗ್ಲೆಂಡಿನಲ್ಲಿ ಯಾರೋ ಒಂದು ಮೂಲೆಯಲ್ಲಿ ಬರೆದ ಎರಡು ಆಕೃತಿಗಳು, ಮೈಸೂರಿನ ಒಬ್ಬ ಹೆಂಗಸಿಗೆ ಐದು ವರ್ಷದಿಂದ ಬಾಯಿಗೆ ಬಾರದ ಮಾತನ್ನು ಬಾಯಿಗೆ ತಂದವಲ್ಲ, ನನ್ನ ಬೆರಗೆಲ್ಲ ಅಲ್ಲಿ. ಅದೂ ನಾನು ಅದು ಬೇರೆಯೇ ಚಿತ್ರ ಎಂದು ತಿದ್ದಿದ ಮೇಲೆಯೂ.

ಇನ್ನೊಂದು ಎಲೆ ತೆಗೆಯೋಣವೇ ಎಂದು ಅವರು ಆಸೆಯಿಂದ ಕೇಳಿದ್ದರು. ಬೇಡವೆಂದೆ. ಮೂರನೆಯದು ಬಂದರೆ ನಾಲ್ಕನೆಯದು ಬೇಕೆನಿಸುತ್ತದೆ, ಬೇಕಾದ ಎಲೆ ಬರುವ ತನಕ ತೆಗೆಯುತ್ತಲೇ ಹೋಗುತ್ತೇವೆ. ಅದರ ಬದಲು ಫೋರ್ ಆಫ್ ಸ್ವೋರ್ಡ್ಸನ್ನು ತಲೆಕೆಳಗು ಮಾಡಿ ತೋರಿಸಿದೆ. ಹಾಗೆ ಬಿದ್ದಾಗ ವೇಟ್ ಕೊಡುವ ಅರ್ಥಗಳು ಜಾಣ ನಿರ್ವಹಣೆ, ಮುನ್ನೆಚ್ಚರಿಕೆ, ಕೊನೆಗೆ ಉಯಿಲು. ಅವರ ಎಲೆ ನೆಟ್ಟಗೇ ಬಿದ್ದಿತ್ತು, ಆದರೂ ಈ ಮಾತು ಅವರಿಗೆ ಬೇಕಿತ್ತು. ಅವರಂತೆ ಸರ್ಕಾರಿ ನೌಕರನ ಹೆಂಡತಿಯಾಗಿದ್ದವರಿಗೆ ಬರುವ ಕುಟುಂಬ ಪಿಂಚಣಿ ಮರುಮದುವೆಯಾದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಮನೆ ಅವರ ಹೆಸರಿನಲ್ಲಿದೆ, ಮಕ್ಕಳಿಬ್ಬರಿದ್ದಾರೆ. ಇವು ಎಲೆ ನೋಡುವವಳ ಮುಂದೆ ತೀರುವ ವಿಷಯಗಳಲ್ಲ, ವಕೀಲರ ಮುಂದೆ ತೀರಬೇಕಾದವು. ಅವರು ತಲೆಯಾಡಿಸಿದರು. "ಮದುವೆ ಮಾತೇ ಇಲ್ಲಮ್ಮ. ಆದರೂ ಕೇಳಿಟ್ಟುಕೊಳ್ತೀನಿ."

ಹೊರಡುವಾಗ ಬಾಗಿಲಲ್ಲಿ ನಿಂತು, "ಈ ಚಿತ್ರ ಬರೆದದ್ದು ಗಂಡಸೋ ಹೆಂಗಸೋ?" ಎಂದರು. ಹೆಂಗಸು ಎಂದೆ. ಪಮೇಲಾ ಕೋಲ್ಮನ್ ಸ್ಮಿತ್. ವೇಟ್ ಹೇಳಿದ ಕಲ್ಪನೆಗೆ ರೂಪ ಕೊಟ್ಟವರು, 1909ರಲ್ಲಿ ಈ ಕಟ್ಟು ಅಚ್ಚಾಯಿತು, ಕೆಲಸಕ್ಕೆ ಸಿಕ್ಕ ಹಣ ತೀರಾ ಕಡಿಮೆ. "ಮದುವೆಯಾಗಿತ್ತಾ?" ಎಂದು ಮತ್ತೆ ಕೇಳಿದರು. ಆಗಿರಲಿಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್ ಕರಾವಳಿಯ ಬ್ಯೂಡ್ ಎಂಬ ಊರಿನಲ್ಲಿ ಕೊನೆಯ ವರ್ಷಗಳನ್ನು ಕಳೆದರು. ಜೊತೆಗಿದ್ದದ್ದು ನೋರಾ ಲೇಕ್ ಎಂಬ ಒಡನಾಡಿ. 1951ರಲ್ಲಿ, ಎಪ್ಪತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡಾಗ ಇದ್ದದ್ದನ್ನೆಲ್ಲ ನೋರಾ ಅವರಿಗೆ ಉಯಿಲು ಬರೆದಿಟ್ಟಿದ್ದರು. ಸಾಲ ತೀರಿಸಿದ ಮೇಲೆ ಏನೂ ಉಳಿಯಲಿಲ್ಲ.