ಕಾಲಂ ಇಲ್ಲ ಎಂಬ ನೆಮ್ಮದಿ

"ನಮ್ಮ ಮಾದರಿಗೆ ಅರ್ಜಿದಾರರು ಗಂಡಸೋ ಹೆಂಗಸೋ ಗೊತ್ತಿಲ್ಲ, ಜಾತಿಯಂತೂ ಗೊತ್ತೇ ಇಲ್ಲ. ಗೊತ್ತಿಲ್ಲದ್ದರ ಮೇಲೆ ಪಕ್ಷಪಾತ ಹೇಗೆ ಮಾಡೀತು?"

ಸಣ್ಣ ಅಂಗಡಿಗಳಿಗೆ ಸಾಲ ಕೊಡುವ ಸಂಸ್ಥೆಯೊಂದರಲ್ಲಿ ಅರ್ಜಿಗಳಿಗೆ ಅಂಕ ಹಾಕುವ ಮಾದರಿ ಕಟ್ಟುತ್ತಿದ್ದಾಗ ಈ ಮಾತು ನನ್ನ ಕಿವಿಗೆ ಬೀಳದ ವಾರವಿರಲಿಲ್ಲ. ಪ್ರತಿ ಸಲವೂ ಸಿಟ್ಟು ಬರುತ್ತಿತ್ತು. ಈ ಮಾತು ತಪ್ಪು ಎಂದು ತೋರಿಸಲೆಂದೇ ಇದನ್ನು ಬರೆಯಲು ಕೂತಿದ್ದೇನೆ.

ನ್ಯಾಯದ ಬಗ್ಗೆ ದೊಡ್ಡ ಸಿದ್ಧಾಂತಗಳಿವೆ. ಹೆಚ್ಚು ಜನಕ್ಕೆ ಹೆಚ್ಚು ಒಳಿತು ಎನ್ನುವವರಿದ್ದಾರೆ. ತಾನು ಯಾರೆಂಬುದನ್ನೇ ಮರೆತು ನಿಯಮ ಮಾಡಬೇಕೆಂದ ಜಾನ್ ರಾಲ್ಸ್ ಇದ್ದಾರೆ. ಅವರಿಗೊಂದು ನಮಸ್ಕಾರ, ಅರ್ಜಿಯ ಮುಂದೆ ಕೂತಾಗ ಅವರಿಂದ ನನಗೆ ಹೆಚ್ಚು ನೆರವು ಸಿಕ್ಕಿಲ್ಲ. ನಾನು ಸೆಣಸಬೇಕಾದದ್ದು ಪಕ್ಕದ ಮೇಜಿನಲ್ಲಿದ್ದ ಒಬ್ಬ ಹಿರಿಯ ಸಹೋದ್ಯೋಗಿಯ ಜೊತೆ. ಮೇಲಿನ ಮಾತು ಅವರದೇ.

ಮೊದಲು ನನ್ನ ಚಿಕ್ಕಮ್ಮನ ವಿಷಯ ಹೇಳಬೇಕು. ಅವರು ಇಪ್ಪತ್ತು ವರ್ಷ ಬಟ್ಟೆ ಹೊಲಿಯುವ ಅಂಗಡಿ ನಡೆಸಿದರು. ಟ್ರೇಡ್ ಲೈಸೆನ್ಸ್ ಚಿಕ್ಕಪ್ಪನ ಹೆಸರಲ್ಲಿತ್ತು, ಕರೆಂಟ್ ಬಿಲ್ ಅವರ ಮಾವನ ಹೆಸರಲ್ಲಿ. ಮಹಿಳಾ ಸಂಘದಲ್ಲಿ ಮಾತ್ರ ಸಾಲ ಚಿಕ್ಕಮ್ಮನದೇ ಆಗಿತ್ತು. ಒಂದು ಕಂತೂ ತಪ್ಪದ ಲೆಕ್ಕ ಸಂಘದ ಪುಸ್ತಕದಲ್ಲಿತ್ತು. ನಮ್ಮ ಮಾದರಿಗೆ ಬೇಕಿದ್ದದ್ದು ಸ್ವಂತ ಹೆಸರಿನ ಲೈಸೆನ್ಸ್‌ಗೆ ಎಷ್ಟು ವರ್ಷವಾಯಿತು, ಬಿಲ್ ಯಾರ ಹೆಸರಲ್ಲಿದೆ ಎಂಬುದು. ಸಂಘದ ಪುಸ್ತಕಕ್ಕೆ ಅಲ್ಲಿ ಕಾಲಮ್ಮೇ ಇರಲಿಲ್ಲ. ಆ ಮಾದರಿಗೆ ಚಿಕ್ಕಮ್ಮ ನಿನ್ನೆ ಅಂಗಡಿ ತೆರೆದವರು.

ಲಿಂಗದ ಕಾಲಂ ತೆಗೆದರೂ ಲಿಂಗ ಉಳಿದಿದೆಯೇ ಎಂದು ನೋಡಲು ಒಂದು ಸರಳ ಪರೀಕ್ಷೆಯಿದೆ. ತೆಗೆದಿಟ್ಟ ಆ ಕಾಲಮ್ಮನ್ನೇ ಉತ್ತರವಾಗಿಟ್ಟು, ಉಳಿದವುಗಳಿಂದ ಅದನ್ನು ಊಹಿಸುವಂತೆ ಇನ್ನೊಂದು ಮಾದರಿಯನ್ನು ಕಲಿಸಬೇಕು. ಪರೀಕ್ಷೆಗೆ ಗಂಡಸರ ಮತ್ತು ಹೆಂಗಸರ ಅರ್ಜಿಗಳನ್ನು ಸಮನಾಗಿ ಆರಿಸಿಕೊಳ್ಳಬೇಕು. ಇಲ್ಲವಾದರೆ, ಗಂಡಸರೇ ಹೆಚ್ಚಿರುವ ಕಡೆ ಎಲ್ಲರನ್ನೂ ಗಂಡಸು ಎಂದುಬಿಟ್ಟರೂ ಊಹೆ ಸರಿಯಾದಂತೆ ಕಾಣುತ್ತದೆ. ನಾಣ್ಯ ಚಿಮ್ಮಿದ ಹಾಗೆ ಅರ್ಧ ಸರಿ, ಅರ್ಧ ತಪ್ಪು ಬಂದರೆ ಸುಳಿವಿಲ್ಲ. ಅದಕ್ಕಿಂತ ಬಹಳ ಹೆಚ್ಚು ಸರಿ ಬಂದರೆ, ಮುಂಬಾಗಿಲಿಂದ ಕಳಿಸಿದ್ದು ಹಿತ್ತಿಲಿಂದ ಒಳಗೆ ಬಂದಿದೆ ಎಂದರ್ಥ. ನಮ್ಮಲ್ಲಿ ಬಂದಿತ್ತು.

ಇಷ್ಟರಿಂದಲೇ ಅನ್ಯಾಯ ಸಾಬೀತಾಗುವುದಿಲ್ಲ. ಲೈಸೆನ್ಸಿನ ಕಾಲಂ ಎರಡೂ ಗುಂಪುಗಳಲ್ಲಿ ಒಂದೇ ಸಂಗತಿಯನ್ನು ಅಳೆಯುತ್ತಿದೆಯೇ ಎಂದೂ ನೋಡಬೇಕು. ಗಂಡಸರಲ್ಲಿ ಹಳೆಯ ಲೈಸೆನ್ಸ್ ಇದ್ದವರು ಸುಸ್ತಿಯಾಗುವುದು ಕಡಿಮೆಯಿತ್ತು. ಸಾಲ ಪಡೆದಿದ್ದ ಹೆಂಗಸರಲ್ಲಿ ಲೈಸೆನ್ಸ್ ಹೊಸದಾಗಲಿ ಹಳೆಯದಾಗಲಿ ಮರುಪಾವತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಒಬ್ಬರಲ್ಲಿ ಅದು ಅನುಭವದ ಅಳತೆಯಾಗಿತ್ತು, ಇನ್ನೊಬ್ಬರಲ್ಲಿ ಮನೆಯ ಕಾಗದ ಯಾರ ಹೆಸರಲ್ಲಿದೆ ಎಂಬುದರ ಅಳತೆ.

ಈ ಲೆಕ್ಕಗಳ ಪಟ್ಟಿ ಹಿಡಿದು ಸಹೋದ್ಯೋಗಿಯ ಬಳಿ ಹೋದೆ. ಅವರು ಪೂರ್ತಿ ನೋಡಿ, ಅಳತೆ ತಪ್ಪಿದೆ ಎಂದು ಒಪ್ಪಿದರು. ಆಮೇಲೆ ಹೇಳಿದರು: "ಲಿಂಗದ ಕಾಲಂ ಪಕ್ಕಕ್ಕಿಟ್ಟಿದ್ದಿರಿ, ಪರೀಕ್ಷೆ ಮಾಡಿದಿರಿ. ಜಾತಿಗೂ ಹೀಗೇ ಮಾಡಬೇಕಾದರೆ ಮೊದಲು ಜಾತಿ ಕೇಳಿ ಬರಕೊಳ್ಳಬೇಕಲ್ಲ? ಸಾಲ ಕೇಳೋಕೆ ಹೋದಾಗ ಅಡ್ಡಹೆಸರು ಓದಿ ಮ್ಯಾನೇಜರ್ ಮುಖ ಬದಲಾಗಿದ್ದನ್ನ ನೋಡಿದವನು ನಾನು. ನನ್ನ ಹೆಸರು ಓದಲಾಗದ ಯಂತ್ರ ಬಂದಾಗ ನನಗೆ ಬಿಡುಗಡೆ ಸಿಕ್ಕ ಹಾಗಾಯ್ತು."

ನನ್ನ ಸಿಟ್ಟು ಅಲ್ಲಿಗೇ ತಣಿಯಿತು. ಕುರುಡು ನ್ಯಾಯವನ್ನು ನಾನು ಉಳ್ಳವರ ಸೋಮಾರಿತನ ಎಂದುಕೊಂಡಿದ್ದೆ. ಅವರಿಗೆ ಅದು ಗಾಯದಿಂದ ಬಂದ ನಂಬಿಕೆ. ಅದಕ್ಕೆ ಪುರಾವೆಯೂ ಇದೆ. ಸುಖದೇವ್ ಥೋರಟ್ ಮತ್ತು ಪಾಲ್ ಆಟ್ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಖಾಸಗಿ ಕಂಪನಿಗಳ ಉದ್ಯೋಗ ಜಾಹೀರಾತುಗಳಿಗೆ ಸಮಾನ ವಿದ್ಯಾರ್ಹತೆಯ ಅರ್ಜಿಗಳು ಹೋದವು, ಬೇರೆಯಿದ್ದದ್ದು ಹೆಸರು. ದಲಿತ ಮತ್ತು ಮುಸ್ಲಿಂ ಹೆಸರಿನವರಿಗೆ ಕರೆ ಬರುವ ಸಾಧ್ಯತೆ ಕಡಿಮೆಯಾಗಿತ್ತು. ಹೆಸರು ಮುಚ್ಚಿದ್ದರೆ ಆ ಅನ್ಯಾಯ ನಡೆಯುತ್ತಲೇ ಇರಲಿಲ್ಲ. ಹಾಗಾಗಿ ಇಷ್ಟನ್ನು ಒಪ್ಪುತ್ತೇನೆ: ಕೆಡುಕು ನೋಡುವವನ ಕಣ್ಣಿನಲ್ಲಿದ್ದರೆ ಕಣ್ಣು ಕಟ್ಟುವುದೇ ಮದ್ದು. ಕೆಡುಕು ಕಾಗದದೊಳಗೇ ಇದ್ದರೆ ಕಣ್ಣು ಕಟ್ಟಿದವನು ಅದನ್ನು ಇದ್ದ ಹಾಗೇ ಮುಂದಕ್ಕೆ ದಾಟಿಸುತ್ತಾನೆ.

ಸರಿ, ಕಣ್ಣು ಬಿಟ್ಟೆವು ಎಂದುಕೊಳ್ಳೋಣ. ಕಂಡದ್ದನ್ನು ಸರಿಪಡಿಸುವುದು ಹೇಗೆ? ಒಂದು ಲೆಕ್ಕ ಮಾಡಿ ನೋಡೋಣ. ಎರಡು ಗುಂಪು, ತಲಾ 100 ಅರ್ಜಿ. ಮೊದಲ ಗುಂಪಿನಲ್ಲಿ 80 ಜನ ಸಾಲ ತೀರಿಸುವವರು, ಎರಡನೆಯದರಲ್ಲಿ 60. ಮಾದರಿ ಎರಡೂ ಗುಂಪಿಗೆ ಒಂದೇ ತಕ್ಕಡಿ ಹಿಡಿಯುತ್ತದೆ: ಎಲ್ಲಿಯೇ ಆಗಲಿ, ಅದು ಒಪ್ಪಿದವರಲ್ಲಿ ನೂರಕ್ಕೆ 90 ಜನ ತೀರಿಸುತ್ತಾರೆ, ತಳ್ಳಿದವರಲ್ಲಿ ನೂರಕ್ಕೆ 40 ಜನ ತೀರಿಸಬಲ್ಲವರು. ಹಾಗಿದ್ದರೆ ಮೊದಲ ಗುಂಪಿನಲ್ಲಿ 80 ಜನರಿಗೆ ಸಾಲ ಸಿಗುತ್ತದೆ. ತಳ್ಳಿಸಿಕೊಂಡ 20ರಲ್ಲಿ 8 ಜನ ಯೋಗ್ಯರು. ಎರಡನೆಯದರಲ್ಲಿ 40 ಜನರಿಗಷ್ಟೇ ಸಿಗುತ್ತದೆ. ತಳ್ಳಿಸಿಕೊಂಡ 60ರಲ್ಲಿ 24 ಜನ ಯೋಗ್ಯರು. ಅಂದರೆ ಸಾಲ ತೀರಿಸುವಂಥವರೇ ಆದರೂ ಮೊದಲ ಗುಂಪಿನವರಲ್ಲಿ ಹತ್ತರಲ್ಲೊಬ್ಬರು ಬರಿಗೈಲಿ ಮರಳುತ್ತಾರೆ, ಎರಡನೆಯ ಗುಂಪಿನವರಲ್ಲಿ ಹತ್ತರಲ್ಲಿ ನಾಲ್ವರು.

ಅಂಕದ ಅರ್ಥ ಎಲ್ಲರಿಗೂ ಒಂದೇ ಆಗಿರಬೇಕು, ಯೋಗ್ಯರನ್ನು ತಳ್ಳುವ ತಪ್ಪೂ ಸಮನಾಗಿರಬೇಕು. ಇವೆರಡೂ ನ್ಯಾಯವೆಂದೇ ತೋರುತ್ತವೆ. ಗುಂಪುಗಳ ಮರುಪಾವತಿಯಲ್ಲಿ ಅಂತರವಿದ್ದು, ಊಹೆ ಪರಿಪೂರ್ಣವಲ್ಲದಿದ್ದರೆ, ಅಂಕದ ಅರ್ಥವನ್ನೂ, ಯೋಗ್ಯರನ್ನು ತಳ್ಳುವ ಮತ್ತು ತೀರಿಸದವರನ್ನು ಒಪ್ಪುವ ಎರಡೂ ಬಗೆಯ ತಪ್ಪುಗಳನ್ನೂ ಒಟ್ಟಿಗೆ ಸಮ ಮಾಡಲಾಗದು ಎಂದು 2016ರ ಸುಮಾರಿಗೆ ಜಾನ್ ಕ್ಲೈನ್‌ಬರ್ಗ್ ಮತ್ತು ಸಂಗಡಿಗರು, ಬೇರೆಯಾಗಿ ಅಲೆಕ್ಸಾಂಡ್ರಾ ಚೌಲ್ಡೆಚೋವಾ ಗಣಿತದಿಂದ ತೋರಿಸಿದರು. ಯಾವುದನ್ನು ಬಿಡಬೇಕೆಂದು ಗಣಿತ ಹೇಳುವುದಿಲ್ಲ.

ಎರಡನೆಯ ಗುಂಪಿಗೆ ಅಂಕದ ಗೆರೆ ಇಳಿಸಬಹುದಲ್ಲ ಎಂದು ನಾನು ಬಹಳ ಕಾಲ ವಾದಿಸಿದೆ. ಮೇಲಿನ ಲೆಕ್ಕವೇ ನನ್ನನ್ನು ತಡೆಯಿತು. ಆ 60 ಜನರಲ್ಲಿ 24 ಯಾರು, 36 ಯಾರು ಎಂದು ಮಾದರಿಗೆ ತಿಳಿಯದು. ಗೆರೆ ಇಳಿಸಿದರೆ ಹೊಸದಾಗಿ ಸಾಲ ಪಡೆದ ಹತ್ತು ಜನರಲ್ಲಿ ಆರು ಜನ ಸುಸ್ತಿಯಾಗುತ್ತಾರೆ. ಹಾಗೆ ಹೆಸರು ಕೆಟ್ಟವರಿಗೆ ಮುಂದಿನ ಬಾಗಿಲೂ ಮುಚ್ಚುತ್ತದೆ. ಅದು ಉಪಕಾರವಲ್ಲ. ಸಾಲದ್ದಕ್ಕೆ ಈ 24 ಎಂಬ ಸಂಖ್ಯೆ ಕಾಗದದ ಮೇಲಷ್ಟೇ ಸಿಗುತ್ತದೆ. ಸಾಲವನ್ನೇ ಪಡೆಯದವರು ತೀರಿಸುತ್ತಿದ್ದರೇ ಎಂದು ಯಾವ ಕಡತವೂ ಹೇಳದು. ತಳ್ಳಿದವರಲ್ಲಿ ಕೆಲವರನ್ನು ಚೀಟಿ ಎತ್ತಿದಂತೆ ಆರಿಸಿ ಸಣ್ಣ ಮೊತ್ತ ಕೊಟ್ಟು ನೋಡಿದರೆ ಮಾತ್ರ ತಿಳಿದೀತು.

ಹಾಗಾದರೆ ಉಳಿದ ದಾರಿ ಆ 24 ಜನರನ್ನು ಬೇರ್ಪಡಿಸಬಲ್ಲ ಹೊಸ ಅಳತೆ. ನಾವು ಲೈಸೆನ್ಸ್ ಕಾಲಮ್ಮಿನ ತೂಕ ತೆಗೆದು ಸಂಘದ ಪುಸ್ತಕ, ನೂಲು ಗುಂಡಿ ಕೊಡುವ ಸಗಟು ಅಂಗಡಿಯ ಲೆಕ್ಕ, ಫೋನಿಗೆ ಬಂದ ಯುಪಿಐ ಹಣ ಇವನ್ನು ಸೇರಿಸಿದೆವು. ಹೆಂಗಸರ ಅರ್ಜಿಗಳು ಒಪ್ಪಿಗೆಯಾಗುವುದು ಹೆಚ್ಚಿತು, ಸುಸ್ತಿ ಹೆಚ್ಚಲಿಲ್ಲ. ಗೆದ್ದೆ ಅಂದುಕೊಂಡೆ.

ಮುಂದೆ ಹಬ್ಬಕ್ಕೆ ಊರಿಗೆ ಹೋದಾಗ ಚಿಕ್ಕಮ್ಮನಿಗೆ ಇದನ್ನೆಲ್ಲ ವಿವರಿಸಿದೆ. ಅವರು ಕೇಳಿದ್ದು ಒಂದೇ: "ನಿಮ್ಮ ಚಿಕ್ಕಪ್ಪ ಒಂದು ಕಾಗದ ತೋರಿಸಿದರೆ ಆಯ್ತು. ನಾನು ಸಂಘದ ಪುಸ್ತಕ, ಅಂಗಡಿ ಲೆಕ್ಕ, ಫೋನು ಎಲ್ಲಾ ಬಿಚ್ಚಿ ತೋರಿಸಬೇಕೇನು?"

ಕಾಲಂ ಇಲ್ಲದಿದ್ದರೆ ಪಕ್ಷಪಾತವಿಲ್ಲ ಎಂಬ ಮಾತು ತಪ್ಪು ಎಂದು ಈಗಲೂ ನಂಬುತ್ತೇನೆ. ಆದರೆ ನಾನು ಅದರ ಬದಲಿಗೆ ತಂದ ನ್ಯಾಯ, ಕಾಗದ ಇಲ್ಲದವರ ಬದುಕಿನೊಳಗೆ ಹೆಚ್ಚು ಇಣುಕಿ ನೋಡಿಯೇ ಅವರನ್ನು ನಂಬುತ್ತದೆ. ಸಹೋದ್ಯೋಗಿ ಹೆದರಿದ್ದೂ ಇಂಥದೇ ಇಣುಕುನೋಟಕ್ಕೆ. ಚಿಕ್ಕಮ್ಮನಿಗೆ ಆ ದಿನ ನಾನು ಉತ್ತರ ಕೊಡಲಿಲ್ಲ. ಈಗಲೂ ನನ್ನ ಹತ್ತಿರ ಇಲ್ಲ.