ಸುತ್ತುವ ನೀರಿಗೆ ಯಾವುದು ಕೆಳಗೆ?

ನಿಂತ ನೀರು ಪಾಲಿಸುವ ನಿಯಮ ಒಂದೇ. ಅದರ ಮೇಲ್ಮೈ ಆ ಜಾಗದ ‘ಕೆಳಗೆ’ ಎಂಬ ದಿಕ್ಕಿಗೆ ಅಡ್ಡಲಾಗಿರಬೇಕು, ಇಲ್ಲದಿದ್ದರೆ ನೀರು ಹರಿಯುತ್ತದೆ. ಎಚ್.ಡಿ. ಕೋಟೆಯ ಕಬಿನಿ ಹಿನ್ನೀರು ಗಾಳಿಯಿಲ್ಲದ ಬೆಳಿಗ್ಗೆ ಮಟ್ಟಸವಾಗಿ ಕಾಣುವುದು ಇದರಿಂದಲೇ. ಸುತ್ತುವ ಬಕೆಟ್ಟಿನ ನೀರೂ ಇದೇ ನಿಯಮವನ್ನು ಪಾಲಿಸುತ್ತದೆ ಎಂಬುದು ನನ್ನ ವಾದ.

ಅರ್ಧ ನೀರಿನ ಬಕೆಟ್ಟನ್ನು ಹಗ್ಗದಲ್ಲಿ ತೂಗುಹಾಕಿ, ಹಗ್ಗವನ್ನು ಚೆನ್ನಾಗಿ ತಿರುಚಿ ಬಿಡಿ. ನ್ಯೂಟನ್ 1687ರ ‘ಪ್ರಿನ್ಸಿಪಿಯಾ’ದಲ್ಲಿ ವರ್ಣಿಸಿದ ಪ್ರಯೋಗವಿದು. ಮೊದಲು ಬಕೆಟ್ ಮಾತ್ರ ಸುತ್ತುತ್ತದೆ, ನೀರು ಚಪ್ಪಟೆಯಾಗಿಯೇ ಇರುತ್ತದೆ. ಕ್ರಮೇಣ ನೀರೂ ಜೊತೆಗೆ ಸುತ್ತತೊಡಗಿದಾಗ ನಡು ತಗ್ಗಿ ಅಂಚು ಏರುತ್ತದೆ.

ಈಗ ಬಕೆಟ್ಟಿನ ಜೊತೆಗೇ ಸುತ್ತುವವನ ಕಣ್ಣಿನಿಂದ ನೋಡೋಣ. ಅವನಿಗೆ ನೀರು ನಿಂತಿದೆ. ಆದರೆ ಅಲ್ಲಿ ಗುರುತ್ವದ ಜೊತೆಗೆ ಹೊರಕ್ಕೆ ತಳ್ಳುವ ಕೇಂದ್ರಾಪಗಾಮಿ ಬಲವೂ ಇದೆ, ನಡುವಿನಿಂದ ದೂರ ಹೋದಷ್ಟೂ ಅದು ಹೆಚ್ಚು. ಅಲ್ಲಿ ತೂಗುಗುಂಡು ಇಳಿಬಿಟ್ಟರೆ ಅದು ನೇರವಾಗಿ ನಿಲ್ಲದೆ ಹೊರಕ್ಕೆ ವಾಲುತ್ತದೆ, ಅಂಚಿನ ಕಡೆ ಇನ್ನಷ್ಟು. ಪ್ರತಿ ಜಾಗದಲ್ಲೂ ಆ ದಾರಕ್ಕೆ ಅಡ್ಡಲಾಗಿ ನಿಲ್ಲುತ್ತಾ ಹೋದ ಮೇಲ್ಮೈಯ ಇಳಿಜಾರು ದೂರದಷ್ಟೇ ಅನುಪಾತದಲ್ಲಿ ಬೆಳೆಯುತ್ತದೆ. ಹಾಗೆ ಬೆಳೆದ ಇಳಿಜಾರು ಕೊಡುವ ಆಕಾರವೇ ಪರವಲಯ:

z = ω²r²/2g

14 ಸೆಂ.ಮೀ. ತ್ರಿಜ್ಯದ ಬಕೆಟ್ ಸೆಕೆಂಡಿಗೆ ಒಂದು ಸುತ್ತು ಹಾಕಿದರೆ ಅಂಚು ನಡುವಿಗಿಂತ ಸುಮಾರು 4 ಸೆಂ.ಮೀ. ಮೇಲಿರುತ್ತದೆ. ವೇಗ ಇಮ್ಮಡಿಸಿದರೆ ಎತ್ತರ ನಾಲ್ಕು ಪಟ್ಟು. ನೀರಿನ ಬದಲು ಎಣ್ಣೆ ಹಾಕಿದರೂ ಲೆಕ್ಕ ಬದಲಾಗದು.

ಕೇಂದ್ರಾಪಗಾಮಿ ಬಲವನ್ನು ಹುಸಿ ಬಲ ಎಂದು ಪಠ್ಯಪುಸ್ತಕಗಳು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಕಬಿನಿಯ ದಡದಲ್ಲಿ ನಾವು ‘ಭಾರ’ ಎನ್ನುವುದರಲ್ಲೂ ಅದು ಸೇರಿದೆ. ಭೂಮಿ ಸುತ್ತುವುದರಿಂದ ಅಲ್ಲಿ ನಮ್ಮ ತೂಕ ಸುಮಾರು ಮುನ್ನೂರರಲ್ಲಿ ಒಂದು ಪಾಲು ಕಡಿಮೆ, ತೂಗುಗುಂಡಿನ ದಾರವೂ ತುಸು ದಕ್ಷಿಣಕ್ಕೆ ವಾಲಿದೆ. ಹಿನ್ನೀರಿನ ಮಟ್ಟವೆಂದರೆ ಈ ವಾಲಿದ ದಾರದ ಮಟ್ಟವೇ. ಅದನ್ನು ನಿಜವೆನ್ನುವವರು ಬಕೆಟ್ಟಿನ ಪರವಲಯವನ್ನೂ ಆ ಚೌಕಟ್ಟಿನ ಮಟ್ಟವೆಂದು ಒಪ್ಪಬೇಕು.

ಹಾಗಾದರೆ ಸುತ್ತುವುದು, ನಿಲ್ಲುವುದು ಬರೀ ನೋಟದ ಮಾತೇ? ಅಲ್ಲ. ನೆಲದ ಮೇಲೆ ನಿಂತ ಬಕೆಟ್ಟಿನ ಸುತ್ತ ನಾನೇ ಓಡಿದರೆ, ನನ್ನ ಚೌಕಟ್ಟಿನಲ್ಲಿ ನೀರು ಸುತ್ತುತ್ತಿದೆ, ಆದರೂ ಮೇಲ್ಮೈ ಚಪ್ಪಟೆ. ಅಲ್ಲಿಯೂ ಹೊರಮುಖ ಬಲ ω²r ಇದೆ. ಆದರೆ ಚಲಿಸುವ ನೀರಿನ ಮೇಲೆ ಕೊರಿಯೊಲಿಸ್ ಬಲ 2ω²rನಷ್ಟು ಒಳಕ್ಕೆ ಎಳೆಯುತ್ತದೆ. ಉಳಿದ ω²r ನೀರನ್ನು ವೃತ್ತದಲ್ಲಿ ಸುತ್ತಿಸುವುದಕ್ಕೇ ಖರ್ಚಾಗುತ್ತದೆ, ಮೇಲ್ಮೈಯನ್ನು ಬಾಗಿಸಲು ಏನೂ ಮಿಗುವುದಿಲ್ಲ. ಚೌಕಟ್ಟು ನಮ್ಮ ಆಯ್ಕೆ, ನೀರಿನ ಬಾಗು ಅಲ್ಲ.

ಹಾಗಿದ್ದರೆ ಯಾವುದಕ್ಕೆ ಹೋಲಿಸಿ ಸುತ್ತು? ಬಕೆಟ್ಟಿನ ಗೋಡೆಗಂತೂ ಅಲ್ಲ, ಮೊದಲ ಹಂತದಲ್ಲೇ ಅದು ಗೊತ್ತಾಯಿತು. ನ್ಯೂಟನ್ ಕೊಟ್ಟ ಉತ್ತರ ನಿರಪೇಕ್ಷ ಅವಕಾಶ. ದೂರದ ನಕ್ಷತ್ರಗಳನ್ನು ಬಿಟ್ಟು ಈ ಮಾತಿಗೆ ಅರ್ಥವಿಲ್ಲವೆಂದು 1883ರಲ್ಲಿ ಮಾಖ್ ವಾದಿಸಿದ. ಗೋಡೆ ಮೈಲಿಗಟ್ಟಲೆ ದಪ್ಪವಾಗಿದ್ದರೆ ಏನಾಗುತ್ತಿತ್ತೆಂದು ಯಾರೂ ಹೇಳಲಾರರು ಎಂದ. 1918ರಲ್ಲಿ ಥಿರಿಂಗ್, ಲೆನ್ಸ್ ಐನ್‌ಸ್ಟೈನ್‌ರ ಸಮೀಕರಣಗಳಿಂದ ಲೆಕ್ಕ ಹಾಕಿ, ಸುತ್ತುವ ಭಾರಿ ದ್ರವ್ಯ ತನ್ನ ಆಸುಪಾಸಿನ ಚೌಕಟ್ಟನ್ನು ಒಂದಿಷ್ಟು ಎಳೆಯುತ್ತದೆ ಎಂದು ತೋರಿಸಿದರು. ಗ್ರಾವಿಟಿ ಪ್ರೋಬ್ ಬಿ ಉಪಗ್ರಹ ಆ ಎಳೆತವನ್ನು ಭೂಮಿಯ ಸುತ್ತ ಅಳೆಯಿತು. ಮಾಖ್ ಕೇಳಿದ್ದರ ಒಂದು ಪಾಲಿಗೆ ಹೀಗೆ ಉತ್ತರ ಸಿಕ್ಕಿದೆ, ಪೂರ್ತಿಗೆ ಇನ್ನೂ ಇಲ್ಲ.