ಸತ್ತವರ ಹಿಂದೆ ಸಾಯೋಕಾಗುತ್ತಾ?

ಬೆಂಗಳೂರಿನ ತಿಲಕ್ ನಗರದಲ್ಲಿ ಸಾವಿನ ಮನೆಗೆ ಹೋದರೆ ಈ ಮಾತು ಕಿವಿಗೆ ಬೀಳದೆ ಇರುವುದಿಲ್ಲ: ‘ಸತ್ತವರ ಹಿಂದೆ ಸಾಯೋಕಾಗುತ್ತಾ? ಏಳಮ್ಮ, ಒಂದು ಲೋಟ ಕಾಫಿಯಾದರೂ ಕುಡಿ.’ ಅಳುವವಳನ್ನು ಎಬ್ಬಿಸಿ ಮಕ್ಕಳ ಕಡೆಗೆ ತಿರುಗಿಸುವ ಕರುಣೆ ಇದರಲ್ಲಿದೆ. ಆದರೆ ಮಾತಿನ ಆಳ ಸಮಾಧಾನಕ್ಕೇ ಮುಗಿಯುವುದಿಲ್ಲ.

ಜರ್ಮನ್ ತತ್ವಜ್ಞಾನಿ ಮಾರ್ಟಿನ್ ಹೈಡೆಗ್ಗರ್ 1927ರ ‘ಇರವು ಮತ್ತು ಕಾಲ’ ಗ್ರಂಥದಲ್ಲಿ ಸಾವಿನ ವಿಚಾರವನ್ನು ಇಲ್ಲಿಂದಲೇ ಆರಂಭಿಸುತ್ತಾನೆ. ನಮ್ಮ ಬದುಕೆಲ್ಲ ಬದಲಿಯ ಮೇಲೆ ನಡೆಯುತ್ತದೆ. ಅಣ್ಣ ಊರಿಗೆ ಹೋದರೆ ತಮ್ಮ ಅಂಗಡಿಯಲ್ಲಿ ಕೂರುತ್ತಾನೆ, ರೇಷನ್ ಸಾಲಿನಲ್ಲಿ ಅಮ್ಮನ ಬದಲು ಮಗಳು ನಿಲ್ಲುತ್ತಾಳೆ. ಒಬ್ಬರಿಗಾಗಿ ಇನ್ನೊಬ್ಬರು ಪ್ರಾಣವನ್ನೂ ಕೊಡಬಹುದು. ಹಾಗೆ ಕೊಟ್ಟರೂ ಬದುಕುಳಿದವರು ಮುಂದೆ ಸಾಯಬೇಕಾದ ಸಾವು ಅವರಿಗೇ ಉಳಿದಿರುತ್ತದೆ. ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡವರಿಗೆ ದಕ್ಕುವುದು ಅಗಲಿಕೆ, ಸಾವಲ್ಲ.

ಇದನ್ನು ಮರೆಸುವುದೇ ದಿನನಿತ್ಯದ ಮಾತಿನ ಕೆಲಸ. ಹತ್ತಿರದ ಜಯದೇವ ಆಸ್ಪತ್ರೆಗೆ ನೋಡಲು ಹೋದವರು ‘ಏನೂ ಆಗಲ್ಲ, ಮುಂದಿನ ವಾರ ಮನೆಗೆ ಬರ್ತೀರ’ ಎನ್ನುತ್ತಾರೆ. ಸಾಯುತ್ತಿರುವವನಿಗೂ ಹೀಗೆ ಹೇಳುವುದನ್ನು ಹೈಡೆಗ್ಗರ್ ಗಮನಿಸಿದ್ದ. ಆ ಮಾತು ಹೇಳುವವರನ್ನೂ ಸಂತೈಸುತ್ತದೆ ಎಂದ. ಟಾಲ್‌ಸ್ಟಾಯ್ ಬರೆದ ಇವಾನ್ ಇಲ್ಯಿಚ್‌ನ ಕಥೆಯನ್ನು ಅಲ್ಲೇ ಅಡಿಟಿಪ್ಪಣಿಯಲ್ಲಿ ನೆನೆದ. ‘ಎಲ್ಲರೂ ಒಂದು ದಿನ ಹೋಗೋರೇ’ ಎನ್ನುವಾಗಲೂ ಆ ಎಲ್ಲರಲ್ಲಿ ನಾನು ಇರುವುದಿಲ್ಲ. ಸಾವು ಖಚಿತ ಎಂದು ಒಪ್ಪುತ್ತೇವೆ, ಅದು ಈಗಲೇ ಬರಬಹುದು ಎಂಬುದನ್ನು ಮಾತ್ರ ಬಿಟ್ಟುಬಿಡುತ್ತೇವೆ.

ಒಂದು ಆಕ್ಷೇಪ ನನಗೆ ನ್ಯಾಯವೆನಿಸುತ್ತದೆ. ನಾವು ಸಾವನ್ನು ಮೊದಲು ಕಾಣುವುದೇ ಪ್ರೀತಿಸಿದವರ ಮುಖದಲ್ಲಿ ಎಂದು ಫ್ರೆಂಚ್ ತತ್ವಜ್ಞಾನಿ ಲೆವಿನಾಸ್ ಹೈಡೆಗ್ಗರ್‌ನನ್ನು ವಿರೋಧಿಸಿದ. ಗಂಡನನ್ನು ಕಳೆದುಕೊಂಡವಳ ದುಃಖವನ್ನು ಹೈಡೆಗ್ಗರ್ ಬೇಗ ದಾಟಿಹೋಗುತ್ತಾನೆ, ನಿಜ. ಆದರೂ ಅವಳು ಎದ್ದ ಮೇಲೆ ಯಾರ ಬದುಕನ್ನು ಬದುಕುತ್ತಾಳೆ ಎಂಬ ಪ್ರಶ್ನೆ ಅವನದೇ.

ಸ್ವಾಗತ್ ರಸ್ತೆಯಲ್ಲಿ ಅಪ್ಪನ ಅಂಗಡಿ ನೋಡಿಕೊಳ್ಳುವ ಮಗನೊಬ್ಬನನ್ನು ಊಹಿಸಿಕೊಳ್ಳಿ. ನಾಲ್ಕು ಜನ ಹೇಳಿದರೆಂದು ಗಲ್ಲಾದ ಮೇಲೆ ಕೂತವನು. ಅಪ್ಪ ಸತ್ತ ಮೇಲೆ ಅವನು ವಿಮೆ ಮಾಡಿಸಿ, ಉಯಿಲು ಬರೆದಿಟ್ಟರೆ ಅದು ವಿವೇಕ. ಹೈಡೆಗ್ಗರ್ ಹೇಳುವುದು ಅದಲ್ಲ, ಏಕೆಂದರೆ ಅಲ್ಲಿ ಸಾವು ಇನ್ನೂ ಎಂದೋ ಬರುವ ಒಂದು ಘಟನೆ. ಹಗಲಿರುಳು ಸಾವನ್ನೇ ಚಿಂತಿಸುವುದೂ ಅಲ್ಲ. ತನಗಿರುವ ದಾರಿಗಳೆಲ್ಲ ಮುಗಿಯುವಂಥವು, ತನ್ನ ಪರವಾಗಿ ಆರಿಸಲು ಯಾರೂ ಬರರು ಎಂಬುದು ಈಗಿನ ಆಯ್ಕೆಯೊಳಗೇ ಇಳಿದಾಗ ಅವನು ಅಂಗಡಿ ಮುಚ್ಚಬಹುದು. ಇಲ್ಲವೇ ಅದೇ ಅಂಗಡಿಯನ್ನು ಈ ಸಲ ತನ್ನದೆಂದು ಆರಿಸಬಹುದು. ಎರಡನೆಯದಾದರೆ ಸಾಲದ ಪುಸ್ತಕವೂ ಅದೇ, ಗಿರಾಕಿಗಳೂ ಅವರೇ. ಹೊರಗೆ ನಿಂತು ನೋಡುವವರಿಗೆ ವ್ಯತ್ಯಾಸ ಕಾಣಲೇಬೇಕೆಂದಿಲ್ಲ.